ಕಣ್ಣಿನ, ಕಿವಿಯ ಪ್ರಶ್ನೆ ಕೇಳುವ ಮುನ್ನ: ಜನಗಣತಿ ನಿರ್ದೇಶಕರಿಗೆ ಬಹಿರಂಗ ಪತ್ರ

ಇವರಿಗೆ,
ನಿರ್ದೇಶಕರು,
ಜನಗಣತಿ ಕಾರ್ಯ ನಿರ್ದೇಶನಾಲಯ, ಕರ್ನಾಟಕ

ಮಾನ್ಯರೇ,

ಜನಗಣತಿಯ ಎರಡನೇ ಹಂತ, ಅಂದರೆ ಮನೆಗಳನ್ನಲ್ಲದೆ ಜನರನ್ನು ಒಬ್ಬೊಬ್ಬರಾಗಿ ಎಣಿಸುವ ಕೆಲಸ, 2027ರ ಫೆಬ್ರವರಿಗೆ ನಿಗದಿಯಾಗಿದೆ. ಈ ಸಲ ಗಣತಿದಾರರು ಮಾಹಿತಿಯನ್ನು ಮೊಬೈಲಿನಲ್ಲಿ ತುಂಬುತ್ತಾರೆ. ಬೇಕೆನ್ನುವವರು ಆನ್‌ಲೈನ್‌ನಲ್ಲಿ ಸ್ವಯಂ ಗಣತಿ ಮಾಡಿಕೊಳ್ಳಬಹುದು. ಪ್ರಶ್ನೆಗಳನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ ಎಂಬುದು ನಮಗೆ ಗೊತ್ತು. ಆದರೆ ಆ ಪ್ರಶ್ನೆ ಯಾವ ಕನ್ನಡದಲ್ಲಿ, ಯಾವ ಅಳತೆಯ ಅಕ್ಷರದಲ್ಲಿ, ಯಾರ ಬಾಯಿಂದ ಮನೆಬಾಗಿಲಿಗೆ ಬರುತ್ತದೆ ಎಂಬುದರಲ್ಲಿ ನಿಮ್ಮ ಕಚೇರಿಯ ಮಾತಿಗೆ ತೂಕವಿದೆ. ಕಣ್ಣು ಮಂದವಿರುವವರಿಗೆ, ಕಾಣದವರಿಗೆ, ಕಿವಿ ಕೇಳಿಸದವರಿಗೆ ನಮೂನೆಗಳನ್ನು ಸಿದ್ಧಪಡಿಸುವವರು ನಾವು. ಹಾಗಾಗಿ ಅಂಗವೈಕಲ್ಯದ ಪ್ರಶ್ನೆಯೊಂದನ್ನೇ ಹಿಡಿದು ಈ ಪತ್ರ ಬರೆಯುತ್ತಿದ್ದೇವೆ.

ಮೊದಲು ಹಳೆಯ ಲೆಕ್ಕ ನೋಡಿ. 2001ರ ಜನಗಣತಿಯಲ್ಲಿ ದೇಶದಲ್ಲಿ ದೃಷ್ಟಿ ವೈಕಲ್ಯವಿದ್ದವರು ಸುಮಾರು 1.06 ಕೋಟಿ. 2011ರಲ್ಲಿ ಅದು ಸುಮಾರು 50 ಲಕ್ಷಕ್ಕೆ ಇಳಿಯಿತು. ಶ್ರವಣ ವೈಕಲ್ಯ ಮಾತ್ರ ಸುಮಾರು 12.6 ಲಕ್ಷದಿಂದ 50 ಲಕ್ಷ ದಾಟಿತು. ಹತ್ತು ವರ್ಷಗಳಲ್ಲಿ ಅರ್ಧದಷ್ಟು ಜನರಿಗೆ ಕಣ್ಣು ಬಂದು, ನಾಲ್ಕು ಪಟ್ಟು ಜನರಿಗೆ ಕಿವಿ ಹೋಗಲಿಲ್ಲ. ಬದಲಾದದ್ದು ಗಣತಿದಾರರ ಕೈಪಿಡಿಯ ಸಾಲುಗಳು. 2001ರಲ್ಲಿ ಒಂದೇ ಕಣ್ಣು ಸರಿಯಿದ್ದವರನ್ನೂ ದೃಷ್ಟಿ ವೈಕಲ್ಯದ ಲೆಕ್ಕಕ್ಕೆ ಸೇರಿಸಿದ್ದರು, 2011ರಲ್ಲಿ ಅವರನ್ನು ಬಿಟ್ಟರು. 2001ರಲ್ಲಿ ಶ್ರವಣಯಂತ್ರ ಹಾಕಿಕೊಂಡು ಕೇಳಿಸಿಕೊಳ್ಳುವವರು ಲೆಕ್ಕಕ್ಕಿರಲಿಲ್ಲ, 2011ರಲ್ಲಿ ಅವರನ್ನು ಸೇರಿಸಿಕೊಂಡರು. ಏರಿಳಿತವೆಲ್ಲ ಇದರಿಂದಲೇ ಆಯಿತು ಎನ್ನುವಂತಿಲ್ಲ. ಆದರೂ 2011ರಲ್ಲಿ ಕರ್ನಾಟಕಕ್ಕೆ ಸಿಕ್ಕ ದೃಷ್ಟಿ ವೈಕಲ್ಯದ 2.64 ಲಕ್ಷ, ಶ್ರವಣ ವೈಕಲ್ಯದ 2.36 ಲಕ್ಷ ಎಂಬ ಅಂಕಿಗಳನ್ನು ಈ ಹಿನ್ನೆಲೆಯಲ್ಲೇ ಓದಬೇಕು.

ಇನ್ನು ಮನೆಬಾಗಿಲಿನಲ್ಲಿ ನಡೆಯುವುದು. ಹೊತ್ತಾಗಿರುತ್ತದೆ, ಇನ್ನೂ ಹತ್ತು ಮನೆ ಬಾಕಿ ಇರುತ್ತವೆ. ಗಣತಿದಾರರು ಪ್ರಶ್ನೆಯನ್ನು ಮೊಟಕುಗೊಳಿಸಿ, ‘ಮನೆಯಲ್ಲಿ ಅಂಗವಿಕಲರು ಯಾರೂ ಇಲ್ಲ ತಾನೇ?’ ಎಂದು ಯಜಮಾನರನ್ನು ಕೇಳುತ್ತಾರೆ. ‘ಇಲ್ಲ’ ಎಂಬ ಉತ್ತರ ಆ ಪ್ರಶ್ನೆಯ ಒಳಗೇ ಇದೆ. ಪೊರೆ ಬಂದು ಅಂಗಳ ದಾಟಲಾಗದ ಅಜ್ಜಿಯನ್ನು ಮನೆಯವರು ಅಂಗವಿಕಲೆ ಎನ್ನುವುದಿಲ್ಲ, ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ. ಮದುವೆಗೆ ಬಂದ ಹುಡುಗಿಯ ಕಿವಿಯ ವಿಷಯವನ್ನು ಬೇಕೆಂದೇ ಮುಚ್ಚಿಡುತ್ತಾರೆ. ಅದಕ್ಕೇ ವೈಕಲ್ಯದ ಹೆಸರೆತ್ತದೆ ಕಷ್ಟವನ್ನು ಕೇಳಬೇಕು, ಮನೆಗೆ ಒಂದು ಸಲವಲ್ಲ, ಪ್ರತಿಯೊಬ್ಬರಿಗೂ ಕೇಳಬೇಕು. ವಾಷಿಂಗ್ಟನ್ ಗ್ರೂಪ್ ಎಂಬ ವಿಶ್ವಸಂಸ್ಥೆಯ ತಜ್ಞರ ಗುಂಪು ರೂಪಿಸಿದ ಆರು ಪ್ರಶ್ನೆಗಳ ಪದ್ಧತಿ ಇದೇ. ಕನ್ನಡದಲ್ಲಿ ಅದರ ಮೊದಲ ಪ್ರಶ್ನೆ ಹೀಗಿರಬಹುದು: ‘ಕನ್ನಡಕ ಹಾಕಿಕೊಂಡರೂ ನಿಮಗೆ ನೋಡಲು ಕಷ್ಟವಾಗುತ್ತದೆಯೇ?’ ಉತ್ತರಗಳು ನಾಲ್ಕು: ಏನೂ ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬ ಕಷ್ಟ, ನೋಡಲು ಆಗುವುದೇ ಇಲ್ಲ. ಕೊನೆಯ ಎರಡರಲ್ಲಿ ಒಂದನ್ನು ಹೇಳಿದವರನ್ನು ವೈಕಲ್ಯದ ಲೆಕ್ಕಕ್ಕೆ ತೆಗೆದುಕೊಳ್ಳುವುದು ವಾಡಿಕೆ.

ನಮೂನೆಯಲ್ಲಿ ಉತ್ತರ ಗುರುತಿಸುವ ಕೋಡ್ ಸಂಖ್ಯೆ ಕೇಂದ್ರ ಕೊಟ್ಟದ್ದೇ ಇರಲಿ. ಅದನ್ನು ಒತ್ತುವ ಮುನ್ನ ಕೇಳುವ ಮಾತಾಗಿ ಇದನ್ನು ತರಬೇತಿಯಲ್ಲಿ ಕಲಿಸಬಹುದು. ಕಿವಿಯ ವಿಷಯದಲ್ಲಿ ಎರಡು ಎಚ್ಚರ ಬೇಕು. ‘ಕೇಳಲು ಕಷ್ಟವೇ’ ಎಂದು ಬರೆದರೆ ಪ್ರಶ್ನೆ ಕೇಳುವುದು ಎಂಬ ಅರ್ಥವೂ ಬರುತ್ತದೆ, ‘ಎದುರಿಗಿದ್ದವರ ಮಾತು ಕಿವಿಗೆ ಬೀಳಲು ಕಷ್ಟವೇ’ ಎಂದೇ ಬರೆಯಬೇಕು. 2011ರ ನಿಯಮವೇ ಮುಂದುವರಿದರೆ ‘ಶ್ರವಣಯಂತ್ರ ಹಾಕಿಕೊಂಡರೂ’ ಎಂಬ ಮಾತಿನಿಂದ ಆರಂಭಿಸುವುದೂ ತಪ್ಪಾಗುತ್ತದೆ. ಯಂತ್ರದಿಂದ ಚೆನ್ನಾಗಿ ಕೇಳಿಸುವವರು ‘ಕಷ್ಟವಿಲ್ಲ’ ಎಂದು ಹೊರಗುಳಿಯುತ್ತಾರೆ. ಆದ್ದರಿಂದ ‘ಶ್ರವಣಯಂತ್ರ ಬಳಸುತ್ತೀರಾ?’ ಎಂಬುದು ಮೊದಲು, ಪ್ರತ್ಯೇಕವಾಗಿ ಬರಲಿ.

ಈಗ ಇದೇ ಪ್ರಶ್ನೆಯನ್ನು ಕಾಗದದ ಮೇಲೆ ತನ್ನಿ. ಗಣತಿದಾರರ ಚೀಲದಲ್ಲಿ ದೊಡ್ಡ ಅಕ್ಷರದ ಪ್ರಶ್ನೆಕಾರ್ಡುಗಳ ಒಂದು ಕಟ್ಟು ಇರಬೇಕು. ಮಂದದೃಷ್ಟಿಯವರಿಗೂ ಕಿವಿ ಕೇಳಿಸದವರಿಗೂ ಅದೇ ಕಟ್ಟು ನೆರವಾಗುತ್ತದೆ. ಸಾಮಾನ್ಯವಾಗಿ ಮಾಡುವುದೇನೆಂದರೆ, A4 ನಮೂನೆಯನ್ನು ಜೆರಾಕ್ಸ್ ಅಂಗಡಿಯಲ್ಲಿ A3ಗೆ ಹಿಗ್ಗಿಸಿ ‘ದೊಡ್ಡ ಅಕ್ಷರದ ಪ್ರತಿ’ ಎನ್ನುವುದು. ಆ ಹಿಗ್ಗುವಿಕೆ 141 ಪ್ರತಿಶತ ಮಾತ್ರ. 11 ಪಾಯಿಂಟಿನ ಅಕ್ಷರ ಹದಿನೈದೂವರೆ ಪಾಯಿಂಟಾಗುತ್ತದೆ, ಬೇಕಿರುವ 18ಕ್ಕೆ ಮುಟ್ಟುವುದಿಲ್ಲ. ಹಾಳೆ ಮಾತ್ರ ಮಡಿಲಲ್ಲಿ ಹಿಡಿಯದಷ್ಟು ಅಗಲವಾಗುತ್ತದೆ. ಹಿಗ್ಗಿಸುವ ಬದಲು 18 ಪಾಯಿಂಟಿನಲ್ಲಿ ಹೊಸದಾಗಿ ಜೋಡಿಸಿ, ಒಂದು ಕಾರ್ಡಿಗೆ ಒಂದೇ ಪ್ರಶ್ನೆ ಇಡಬೇಕು.

ಕನ್ನಡಕ್ಕೆ ಇಂಗ್ಲಿಷಿನ ಅಳತೆಯನ್ನು ಹಾಗೇ ತಂದರೆ ಒತ್ತಕ್ಷರದಲ್ಲಿ ಸಿಕ್ಕಿಬೀಳುತ್ತೇವೆ. ಸಾಲುಗಳ ಅಂತರ ಕಡಿಮೆಯಿದ್ದರೆ ‘ಸ್ತ್ರೀ’, ‘ವ್ಯಕ್ತಿ’ ಮುಂತಾದ ಪದಗಳ ಒತ್ತು ಕೆಳಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಅಂತರ ಅಕ್ಷರದ ಅಳತೆಯ ಒಂದೂವರೆ ಪಟ್ಟಾದರೂ ಇರಲಿ. ಅಡಿಗೆರೆ ಎಳೆಯಲೇಬಾರದು, ಏಕೆಂದರೆ ಅದು ಒತ್ತನ್ನು ಕತ್ತರಿಸಿಕೊಂಡು ಹೋಗುತ್ತದೆ. ತೀರಾ ದಪ್ಪ ಫಾಂಟಿನಲ್ಲಿ ‘ಪ’ ಮತ್ತು ‘ಷ’, ‘ದ’ ಮತ್ತು ‘ಧ’ ಬೇರೆ ಬೇರೆ ಎಂದು ತೋರಿಸುವ ಸಣ್ಣ ಗೆರೆ ತುಂಬಿಹೋಗುತ್ತದೆ, ಮಧ್ಯಮ ದಪ್ಪ ಸಾಕು. ಹಾಳೆ ಹೊಳೆಯಬಾರದು, ಹಿಂಬದಿಯ ಮುದ್ರಣ ಕಾಣಬಾರದು. ಉತ್ತರದ ಚೌಕವನ್ನು ಬಲ ಅಂಚಿಗೆ ದೂಡಿ, ನಡುವೆ ಚುಕ್ಕೆಗಳ ಸಾಲು ಹಾಕುವ ಸರ್ಕಾರಿ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಭೂತಗನ್ನಡಿ ಹಿಡಿದು ಓದುವವರಿಗೆ ಒಂದು ಸಲಕ್ಕೆ ಕಾಣುವುದು ಎರಡು ಮೂರು ಪದ. ಚೌಕ ಸಿಗುವಷ್ಟರಲ್ಲಿ ಅವರು ಬೇರೆ ಸಾಲಿಗೆ ಜಾರಿರುತ್ತಾರೆ, ‘ತುಂಬ ಕಷ್ಟ’ದ ಗುರುತು ‘ಸ್ವಲ್ಪ ಕಷ್ಟ’ಕ್ಕೆ ಬೀಳುತ್ತದೆ. ಚೌಕ ಉತ್ತರದ ಎಡಕ್ಕೆ, ಅದಕ್ಕೆ ತಾಗಿಕೊಂಡೇ ಇರಲಿ.

ಸ್ವಯಂ ಗಣತಿಯ ಪರದೆಯ ಮೇಲೆ ಇದೇ ಪ್ರಶ್ನೆ ಬಂದಾಗ ಅದನ್ನು ಕಾಣದವರಿಗೆ ಓದಿ ಹೇಳುವುದು NVDA ಅಥವಾ ಮೊಬೈಲಿನ TalkBack ಎಂಬ ಸ್ಕ್ರೀನ್ ರೀಡರ್ ತಂತ್ರಾಂಶ. ಪುಟ ಕನ್ನಡದ್ದು ಎಂದು ಕೋಡಿನಲ್ಲಿ ಹೇಳದಿದ್ದರೆ ಅವು ಇಂಗ್ಲಿಷ್ ಧ್ವನಿಯಲ್ಲೇ ಮುಂದುವರಿಯಬಹುದು, ಹಲವು ಇಂಗ್ಲಿಷ್ ಧ್ವನಿಗಳು ಕನ್ನಡ ಬಂದಲ್ಲಿ ಸುಮ್ಮನಾಗುತ್ತವೆ. ಇನ್ನೊಂದು ತೊಂದರೆ: ಪ್ರಶ್ನೆಯನ್ನು ಬರೀ ದಪ್ಪಕ್ಷರದಲ್ಲಿ ಬರೆದು, ಉತ್ತರದ ಗುಂಡಿಗಳಿಗೆ ಅದನ್ನು ಜೋಡಿಸದೆ ಬಿಡುವುದು. ಆಗ ಟ್ಯಾಬ್ ಒತ್ತಿದವರಿಗೆ ‘ರೇಡಿಯೋ ಬಟನ್, ಒತ್ತಿಲ್ಲ’ ಎಂದಷ್ಟೇ ಕೇಳುತ್ತದೆ. ಯಾವ ಪ್ರಶ್ನೆ, ಯಾವ ಉತ್ತರ, ತಿಳಿಯದು. ಸರಿಪಡಿಸಲು ಕೆಲವೇ ಸಾಲು ಸಾಕು:

```html
<html lang="kn">
<fieldset>
  <legend>ಕನ್ನಡಕ ಹಾಕಿಕೊಂಡರೂ ನೋಡಲು ಕಷ್ಟವೇ?</legend>
  <input type="radio" name="see" id="s3" value="3">
  <label for="s3">ತುಂಬ ಕಷ್ಟ</label>
</fieldset>
```

ಚಿತ್ರದೊಳಗಿನ ಅಕ್ಷರ ಗುರುತಿಸುವ ಕ್ಯಾಪ್ಚಾ ಇದ್ದರೆ ಇಷ್ಟೆಲ್ಲ ಮಾಡಿಯೂ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಮೊಬೈಲಿಗೆ ಒಟಿಪಿ ಬರುವಾಗ ಕ್ಯಾಪ್ಚಾ ಏಕೆ? ಆ ಒಟಿಪಿ ಸಂದೇಶವಾಗಿಯೂ ಬರಲಿ, ಕರೆಯಾಗಿಯೂ ಬರಲಿ. ಬರೀ ಕರೆಯಾದರೆ ಕಿವುಡರು ಹೊರಗೆ. ಹುಟ್ಟಿದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಹುಡುಕಿಸದೆ, ದಿನ, ತಿಂಗಳು, ವರ್ಷ ಎಂದು ಮೂರು ಖಾನೆಗಳಲ್ಲಿ ಟೈಪ್ ಮಾಡಲು ಬಿಡಿ. ತಪ್ಪಾದಾಗ ‘ಕೆಂಪು ಖಾನೆ ಸರಿಪಡಿಸಿ’ ಎಂದರೆ ಕೆಂಪು ಕಾಣದವರು ಏನು ಮಾಡಬೇಕು? ‘ವಯಸ್ಸು ತುಂಬಿಲ್ಲ’ ಎಂದು ಬರೆದು, ಕರ್ಸರನ್ನು ಆ ಖಾನೆಗೇ ಒಯ್ಯಬೇಕು. ಡೌನ್‌ಲೋಡಿಗೆ ಇಡುವ ಸೂಚನೆಗಳು ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡರೂ, ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಇವು ಯಾವುವೂ ಹೊಸ ಬೇಡಿಕೆಗಳಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಇದನ್ನು ಹೇಳುತ್ತದೆ, ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಕಿವುಡರ ಮನೆಯಲ್ಲಿ ಸಮಸ್ಯೆ ಬೇರೆ. ಗಣತಿದಾರರು ಒಂದೆರಡು ಸಲ ಜೋರಾಗಿ ಕೇಳಿ, ಆಮೇಲೆ ಪಕ್ಕದಲ್ಲಿದ್ದವರತ್ತ ತಿರುಗುತ್ತಾರೆ. ಮುಂದಿನದೆಲ್ಲ ಅಣ್ಣನೋ ಅತ್ತೆಯೋ ಕೊಟ್ಟ ಉತ್ತರ. ಕೂಗಿದರೆ ತುಟಿಯ ಆಕಾರ ಕೆಡುತ್ತದೆ, ತುಟಿ ನೋಡಿ ಅರಿಯುವವರಿಗೆ ಇನ್ನೂ ಕಷ್ಟ. ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ನಿಂತು, ಮೊಬೈಲ್ ನೋಡುತ್ತ ಅಲ್ಲದೆ ಎದುರಿನವರನ್ನು ನೋಡುತ್ತ ಮಾತಾಡಿ, ಜೊತೆಗೆ ಕಾರ್ಡು ತೋರಿಸಬೇಕು. ಆದರೆ ಕಾರ್ಡು ಎಲ್ಲರಿಗೂ ಸಾಲದು. ಹುಟ್ಟಿನಿಂದ ಕಿವುಡರಾಗಿ ಸಂಜ್ಞೆ ಭಾಷೆಯಲ್ಲಿ ಬೆಳೆದವರಿಗೆ ಬರಹದ ಕನ್ನಡ ಎರಡನೇ ಭಾಷೆ. ‘ಶಾಲೆಗೆ ಹೋಗುತ್ತಿಲ್ಲವೇ?’ ಎಂಬಂಥ ಪ್ರಶ್ನೆಗೆ ಅವರು ‘ಹೌದು’ ಎಂದರೆ ಹೋಗುತ್ತಿದ್ದಾರೋ ಇಲ್ಲವೋ ಹೇಳಲಾಗದು. ಒಂದು ವಾಕ್ಯ, ಒಂದೇ ಸಂಗತಿ, ‘ಇಲ್ಲ’ ಇಲ್ಲದ ಪ್ರಶ್ನೆ ಇರಲಿ. ಪ್ರತಿ ಪ್ರಶ್ನೆಗೂ ಭಾರತೀಯ ಸಂಜ್ಞೆ ಭಾಷೆಯ ಸಣ್ಣ ವಿಡಿಯೊ ಗಣತಿದಾರರ ಮೊಬೈಲಿನಲ್ಲೇ, ನೆಟ್‌ವರ್ಕ್ ಇಲ್ಲದಾಗಲೂ ತೆರೆಯುವಂತೆ ಇರಬೇಕು. ಪ್ರಶ್ನೆಯದು ಒಂದು, ಪ್ರತಿ ಉತ್ತರಕ್ಕೆ ಒಂದೊಂದು ಎಂದು ಬಿಡಿ ಬಿಡಿಯಾಗಿ ಮಾಡಿಸಿದರೆ ಬೇಕಾದ್ದನ್ನು ಮತ್ತೆ ನೋಡಬಹುದು. ವಿಡಿಯೊದಲ್ಲಿ ಸಂಜ್ಞೆ ಮಾಡುವವರು ಕಿವುಡರೇ ಆಗಿರುವುದು ಒಳ್ಳೆಯದು.

ಕೊನೆಯದಾಗಿ ಮಾತೃಭಾಷೆಯ ಪ್ರಶ್ನೆ. ಹಸುಗೂಸುಗಳ ಮತ್ತು ಕಿವುಡ-ಮೂಕರ ಮಾತೃಭಾಷೆಯೆಂದು ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನೇ ಬರೆಯಬೇಕು ಎಂಬುದು ಹಿಂದಿನ ಜನಗಣತಿಗಳ ಸೂಚನೆ. ನಲವತ್ತು ವರ್ಷದ ಕಿವುಡ ಶಿಕ್ಷಕಿಯನ್ನು ಈ ಸಾಲು ಕೂಸಿನ ಜೊತೆ ಕೂರಿಸುತ್ತದೆ. ಸಂಜ್ಞೆ ಭಾಷೆ ಎಷ್ಟು ಜನರ ಭಾಷೆ ಎಂಬ ಲೆಕ್ಕ ಜನಗಣತಿಯಲ್ಲಿ ಸಿಗದಿರಲು ಇದೊಂದೇ ಸಾಲು ಸಾಕು. ಲೆಕ್ಕವಿಲ್ಲದಿದ್ದರೆ ತಾಲ್ಲೂಕಿಗೆ ಎಷ್ಟು ದುಭಾಷಿಗಳು ಬೇಕೆಂದು ಯಾರು ಹೇಳಿಯಾರು? ಈ ಸೂಚನೆಯನ್ನು ತೆಗೆದು, ‘ವ್ಯಕ್ತಿಯನ್ನೇ ಕೇಳಿ, ಸಂಜ್ಞೆ ಭಾಷೆ ಎಂದರೆ ಹಾಗೇ ಬರೆಯಿರಿ’ ಎಂದು ಮಾಡುವಂತೆ ರಿಜಿಸ್ಟ್ರಾರ್ ಜನರಲ್ ಅವರಿಗೆ ನಿಮ್ಮ ಕಚೇರಿಯಿಂದ ಬರೆಯಿರಿ. ಕೈಪಿಡಿ ಅಚ್ಚಿಗೆ ಹೋಗುವ ಮೊದಲೇ ಆ ಪತ್ರ ದೆಹಲಿ ತಲುಪಬೇಕು.

ಇಂತಿ,
ದೃಷ್ಟಿ ಮತ್ತು ಶ್ರವಣ ವೈಕಲ್ಯವುಳ್ಳವರಿಗಾಗಿ ನಮೂನೆಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ಕೆಲವರು