ಆರ್‌ಐಸಿಎಸ್ ಸದಸ್ಯತ್ವ: ಕಿರಿಯರ ಶಿಫಾರಸು ಪತ್ರದ ಬಗ್ಗೆ ಸೂಚನೆ

ಗುಂಪಿನ ಹಿರಿಯ ಸದಸ್ಯರಿಗೆ ನಮಸ್ಕಾರ.

ಆರ್‌ಐಸಿಎಸ್ ಸದಸ್ಯತ್ವಕ್ಕೆ ಅರ್ಜಿ ಹಾಕುತ್ತಿರುವ ಕಿರಿಯ ಕ್ವಾಂಟಿಟಿ ಸರ್ವೇಯರ್‌ಗಳಿಗೆ ಶಿಫಾರಸು ಪತ್ರ ಬರೆಯುವವರು, ‘ಶ್ರಮಜೀವಿ, ಪ್ರಾಮಾಣಿಕ’ ಎಂಬ ಮಾತುಗಳಲ್ಲೇ ಪುಟ ತುಂಬಿಸದೆ, ಆ ಕಿರಿಯರೇ ಮಾಡಿದ ಒಂದು ಕೆಲಸವನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ. ಅಲ್ಲಿನ ಮೌಲ್ಯಮಾಪನದಲ್ಲಿ ಮೊದಲ ಹಂತ ತಿಳಿವಳಿಕೆ, ಎರಡನೆಯದು ಅದರ ಬಳಕೆ, ಮೂರನೆಯದು ಕಾರಣಸಹಿತ ಸಲಹೆ. ಪತ್ರದಲ್ಲಿ ಈ ಮೂರನೆಯದು ಕಾಣಿಸಬೇಕು.

ಒಂದು ಉದಾಹರಣೆ ನೋಡೋಣ. ವಸತಿ ಸಮುಚ್ಚಯವೊಂದರ ರನ್ನಿಂಗ್ ಬಿಲ್‌ನಲ್ಲಿ ಗುತ್ತಿಗೆದಾರರು ಗೋಡೆಯ ಎರಡೂ ಬದಿಯ ಪ್ಲಾಸ್ಟರಿಂಗ್ ಅಳತೆಯಿಂದ 200 ಬಾಗಿಲುಗಳನ್ನು ಕಳೆದೇ ಇರಲಿಲ್ಲ. ಮಾಲೀಕರ ಕಡೆಯವರು ಎರಡೂ ಬದಿಯಲ್ಲಿ ಕಳೆಯಿರಿ ಎಂದರು. ಬಾಗಿಲಿನ ಅಳತೆ 1.0 x 2.1 ಮೀಟರ್, ಅಂದರೆ 2.1 ಚದರ ಮೀಟರ್. ಐಎಸ್ 1200ರ ಪ್ರಕಾರ 0.5ರಿಂದ 3 ಚದರ ಮೀಟರ್‌ವರೆಗಿನ ತೆರವಿಗೆ ಒಂದು ಬದಿಯಲ್ಲಷ್ಟೇ ಕಡಿತ, ಏಕೆಂದರೆ ಉಳಿದ ಬದಿಯನ್ನು ಚೌಕಟ್ಟಿನ ಸುತ್ತಲಿನ ಅಂಚುಗಳ ಕೆಲಸಕ್ಕೆ ಸರಿದೂಗಿಸಲಾಗುತ್ತದೆ. ಆದ್ದರಿಂದ ಕಳೆಯಬೇಕಾದದ್ದು 420 ಚದರ ಮೀಟರ್, 840 ಅಲ್ಲ. ಇದನ್ನು ಮಾಲೀಕರಿಗೆ ಲಿಖಿತವಾಗಿ ತಿಳಿಸಿದ್ದು ಕಿರಿಯರೇ ಆಗಿದ್ದರೆ, ಪತ್ರದ ತಿರುಳು ಅದೇ. (ತಮ್ಮ ಕಡೆಯವರಿಗೇ ‘ಇಲ್ಲ’ ಎನ್ನುವುದು ಸುಲಭವಲ್ಲ ಎಂಬುದು ನಮಗೆಲ್ಲ ಗೊತ್ತು.)

‘ನಮ್ಮ ತಂಡ ಪರಿಶೀಲಿಸಿತು’ ಎಂದು ಬರೆದರೆ ಯಾರು ಏನು ಮಾಡಿದರೆಂಬುದು ಮರೆಯಾಗುತ್ತದೆ. ಅಳತೆ ಯಾರದು, ಅಂತಿಮ ಸಹಿ ಯಾರದು ಎಂಬುದನ್ನು ಬೇರ್ಪಡಿಸಿ ಬರೆಯಿರಿ. ಸಂದರ್ಶನದಲ್ಲಿ ಅಭ್ಯರ್ಥಿಯನ್ನು ಇದೇ ಅಂಕಿಗಳ ಮೇಲೆ ಪ್ರಶ್ನಿಸಬಹುದಾದ್ದರಿಂದ, ಪತ್ರದ ಕರಡನ್ನು ಅವರ ಅನುಭವ ವಿವರದೊಂದಿಗೆ ತಾಳೆ ನೋಡಿ. ಮಾಲೀಕರ ಹೆಸರು ಮತ್ತು ದರಗಳನ್ನು ಅವರ ಒಪ್ಪಿಗೆಯಿಲ್ಲದೆ ನಮೂದಿಸಬೇಡಿ.