ಅನುಭವದ ಪ್ರಮಾಣಪತ್ರ ಮತ್ತು ವೈರ್‌ಮನ್ ಪರ್ಮಿಟ್: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಐಟಿಐ ಓದದೆ ಕೆಲಸ ಕಲಿತವರಿಗೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಪೂರ್ವ ಕಲಿಕೆಯ ಮಾನ್ಯತೆ, ಅಂದರೆ ಆರ್‌ಪಿಎಲ್, ಎಂಬ ದಾರಿಯಿದೆ. ಇದರಲ್ಲಿ ಕಿರು ತರಬೇತಿಯ ನಂತರ ಹೊರಗಿನ ಪರೀಕ್ಷಕರು ಕೆಲಸ ಮಾಡಿಸಿ ನೋಡುತ್ತಾರೆ; ತೇರ್ಗಡೆಯಾದವರಿಗೆ ಪ್ರಮಾಣಪತ್ರ ಸಿಗುತ್ತದೆ. ಕೈಕೆಲಸದಲ್ಲಿ ಪಳಗಿದವರೂ ಅರ್ತಿಂಗ್ ಏಕೆ ಬೇಕು, ವೈರ್‌ನ ಗಾತ್ರವನ್ನು ಹೇಗೆ ಆರಿಸಬೇಕು ಎಂಬಂಥ ಪ್ರಶ್ನೆಗಳಿಗೆ ತಡವರಿಸುವುದುಂಟು. ಅವನ್ನು ಮೊದಲೇ ಓದಿಕೊಳ್ಳಿ.

ಎಲೆಕ್ಟ್ರಿಷಿಯನ್ ಮಿತ್ರರು ಒಂದು ಮಾತನ್ನು ತಪ್ಪದೆ ಗಮನಿಸಬೇಕು: ಈ ಪ್ರಮಾಣಪತ್ರವು ವೈರ್‌ಮನ್ ಪರ್ಮಿಟ್ ಅಲ್ಲ. ಹದಿನೈದು ವರ್ಷ ಮನೆಗಳಿಗೆ ವೈರಿಂಗ್ ಮಾಡಿದವರು ಆರ್‌ಪಿಎಲ್ ಪಡೆದರೂ, ಹೊಸ ಮನೆಯ ವೈರಿಂಗನ್ನು ಸ್ವಂತ ಹೊಣೆಯಲ್ಲಿ ಮಾಡಿಕೊಡುವಂತಿಲ್ಲ. ಅದು ಪರವಾನಗಿ ಹೊಂದಿದ ಗುತ್ತಿಗೆದಾರರ ಮೂಲಕವೇ ಆಗಬೇಕು. ಪರ್ಮಿಟ್‌ಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು.

ನೋಂದಣಿಗೆ ಮುನ್ನ ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಿ.