ಓಣಂ ತಿಂಗಳ ಓಟಿ ಲೆಕ್ಕ: ಪ್ಯಾಕಿಂಗ್‌ನವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಓಣಂ ತಿಂಗಳ ಓಟಿ ಬಜೆಟ್ ಶನಿವಾರ ಕಾಸರಗೋಡು ಆಫೀಸಿಗೆ ಕೊಡಬೇಕು.

ಹೋದ ತಿಂಗಳ ಓಟಿ ನೋಡಿ ಅಂದಾಜು ಮಾಡುವುದು ಬೇಡ, ಅದರಲ್ಲಿ ಹಬ್ಬದ ಆರ್ಡರ್ ಇರುವುದಿಲ್ಲ ಅಲ್ವಾ. ಹಿಂದಿನ 2 ಓಣಂ ತಿಂಗಳುಗಳಲ್ಲಿ ಮಾಮೂಲಿ ಕೆಲಸ, ಓಟಿ, ಮುಗಿಯದೆ ಮುಂದಕ್ಕೆ ಹೋದ ಕೆಲಸ ಎಲ್ಲಾ ಕೂಡಿಸಿದರೆ ಸರಾಸರಿ 2,320 ಗಂಟೆ. ನಾವು 12 ಜನ, 25 ದಿನ, ದಿನಕ್ಕೆ 8 ಗಂಟೆ, ಅಂದರೆ 2,400. ಸಾಕಾಗುತ್ತದೆ ಅನ್ನಿಸುತ್ತದೆ, ಆದರೆ ಕೇಳಿದ ರಜೆ 14 ದಿನ, ಹೇಳದೆ ತಪ್ಪುವುದು ಸಾಮಾನ್ಯವಾಗಿ 10 ದಿನ. 192 ಗಂಟೆ ಹೋಯಿತು, ಉಳಿದದ್ದು 2,208. ಕೊರತೆ 112. ಗಂಟೆಗೆ 80 ರೂಪಾಯಿ ಕೂಲಿ, ಓಟಿಗೆ ದುಪ್ಪಟ್ಟು 160, ಒಟ್ಟು 17,920 ರೂಪಾಯಿ.

ಇದು ಕನಿಷ್ಠ ಲೆಕ್ಕ. ತಿಂಗಳ ಮೊದಲಲ್ಲಿ ಸುಮ್ನೆ ಕೂತ ಗಂಟೆ ಹಬ್ಬದ ವಾರಕ್ಕೆ ಬರುವುದಿಲ್ಲ, ಹಾಗಾಗಿ ವಾರವಾರು ಕೊರತೆ ಬೇರೆ ತೆಗೆದು ಕೂಡಿಸುತ್ತೇನೆ, ಮೊತ್ತ ಜಾಸ್ತಿಯೇ ಆಗುತ್ತದೆ.

ಹೆಸರು, ರಜೆಯ ತಾರೀಕು, ಯಾವ ದಿನ ಓಟಿಗೆ ನಿಲ್ಲಬಹುದು, ಇಷ್ಟು ಗುರುವಾರ ಸಂಜೆಯೊಳಗೆ ಇಲ್ಲೇ ಹಾಕಿ. ಚೌತಿಗೆ ಊರಿಗೆ ಹೋಗುವವರು ಅದನ್ನೂ ಈಗಲೇ ಹೇಳಿಬಿಡಿ.